ಪದಚರ್ಚೆ: ಮಗಳ ಬಡ್ಡಿಯನ್ನು ಸೇರಿಸುವಾಗ ‘ಹೆಚ್ಚು ಆದಾಯವುಳ್ಳವರು’ ಯಾರು?

ಮಾನ್ಯರೇ,

ಸಾಗರದ ಕಡೆಯ ಅಡಿಕೆ ಬೆಳೆಗಾರರಿಗಾಗಿ ಆದಾಯ ತೆರಿಗೆಯ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಕ್ಲಬ್ಬಿಂಗ್’ ಎಂಬುದಕ್ಕೆ ‘ಆದಾಯ ಸೇರ್ಪಡೆ’ ಎಂದಿಟ್ಟುಕೊಂಡೆ, ಅದರಲ್ಲಿ ತೊಡಕಿಲ್ಲ. ತೊಡಕಿರುವುದು ಈ ವಾಕ್ಯದಲ್ಲಿ: ‘ಅಪ್ರಾಪ್ತ ಮಕ್ಕಳ ಆದಾಯವನ್ನು ತಂದೆ ತಾಯಿಯರಲ್ಲಿ ಹೆಚ್ಚು ಆದಾಯವುಳ್ಳವರ ಲೆಕ್ಕಕ್ಕೆ ಸೇರಿಸತಕ್ಕದ್ದು.’

ಕೈಪಿಡಿಗೆ ನಾನು ಕಲ್ಪಿಸಿಕೊಂಡ ಮನೆಯಲ್ಲಿ ತಂದೆಗೆ ಅಡಿಕೆ ತೋಟದಿಂದ ವರ್ಷಕ್ಕೆ 12 ಲಕ್ಷ ರೂಪಾಯಿ ಉಳಿಯುತ್ತದೆ, ಅದರ ಜೊತೆಗೆ ಬ್ಯಾಂಕಿನ ಬಡ್ಡಿ 20,000 ಬರುತ್ತದೆ. ತಾಯಿ ಶಿಕ್ಷಕಿ, ಸಂಬಳ 8 ಲಕ್ಷ. ಹದಿನೈದರ ಮಗಳು ಯಕ್ಷಗಾನದಲ್ಲಿ ವೇಷ ಮಾಡಿ 30,000 ಸಂಭಾವನೆ ಪಡೆದಿದ್ದಾಳೆ. ಅಜ್ಜ ಅವಳ ಹೆಸರಿನಲ್ಲಿಟ್ಟ ಠೇವಣಿಗೆ 14,000 ಬಡ್ಡಿ ಬಂದಿದೆ.

ಕರಡನ್ನು ಓದಿದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ‘ಮನೆಯ ಯಜಮಾನರಿಗೇ ಹೆಚ್ಚು ಆದಾಯ, ಆದ್ದರಿಂದ 44,000 ಪೂರ್ತಿ ತಂದೆಯ ಲೆಕ್ಕಕ್ಕೆ’ ಎಂದರು. ಮಗಳ ಆದಾಯ ಸೇರುತ್ತದೆಂಬ ಮಟ್ಟಿಗೆ ಅವರ ಮಾತು ಸರಿ. ಆದರೆ ಶಿವಮೊಗ್ಗದ ಲೆಕ್ಕಪರಿಶೋಧಕಿಯೊಬ್ಬರು ಅದನ್ನು ಎರಡು ಕಡೆ ತಿದ್ದಿದರು. ಮಗು ತನ್ನ ಮೈದುಡಿಮೆಯಿಂದಲೋ ಕಲೆ, ಕೌಶಲದಿಂದಲೋ ಗಳಿಸಿದ ಹಣ ಮಗುವಿನದೇ ಆದಾಯವಾಗಿ ಉಳಿಯುವುದರಿಂದ ವೇಷದ ಸಂಭಾವನೆ ಯಾರಿಗೂ ಸೇರುವುದಿಲ್ಲ; ಆದರೆ ಅದೇ ಸಂಭಾವನೆಯನ್ನು ಬ್ಯಾಂಕಿನಲ್ಲಿಟ್ಟರೆ ಬರುವ ಬಡ್ಡಿ ಸೇರುತ್ತದೆ. ಇನ್ನು, ಕೃಷಿ ಆದಾಯಕ್ಕೆ ವಿನಾಯಿತಿ ಇರುವುದರಿಂದ ಅದು ಕಾಯ್ದೆ ಹೇಳುವ ‘ಒಟ್ಟು ಆದಾಯ’ದೊಳಗೆ ಬರುವುದೇ ಇಲ್ಲ. ಹೀಗಾಗಿ ಹೋಲಿಕೆ ನಡೆಯುವುದು ತಂದೆಯ 20,000ಕ್ಕೂ ತಾಯಿಯ ಸಂಬಳಕ್ಕೂ ನಡುವೆ, 14,000 ಸೇರುವುದು ತಾಯಿಗೆ. ಆಕೆ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಅದರಲ್ಲಿ 1,500 ಕಳೆಯಬಹುದು, ಹೊಸ ಪದ್ಧತಿಯಲ್ಲಿ ಆ ಸೌಲಭ್ಯವಿಲ್ಲ.

 

ಮಲೆನಾಡಿನಲ್ಲಿ ‘ಆದಾಯ’ ಎಂದೊಡನೆ ಮೊದಲು ನೆನಪಿಗೆ ಬರುವುದು ತೋಟದ ಹುಟ್ಟುವಳಿ. ‘ಒಟ್ಟು ಆದಾಯ’ ಎಂದು ಕಾಯ್ದೆಯ ಮಾತನ್ನೇ ಬರೆದರೆ ಓದುಗರು ಅಡಿಕೆಯನ್ನೂ ಕೂಡಿಸಿಯೇ ಕೂಡಿಸುತ್ತಾರೆ. ಆದ್ದರಿಂದ ‘ತೆರಿಗೆಯ ಲೆಕ್ಕಕ್ಕೆ ಬರುವ ಆದಾಯ ಯಾರಿಗೆ ಹೆಚ್ಚೋ ಅವರಿಗೆ’ ಎಂದು ಬರೆಯುವ ಯೋಚನೆ ನನ್ನದು. ಲೆಕ್ಕಪರಿಶೋಧಕಿಯವರಿಗೆ ಇದು ಒಪ್ಪಿಗೆಯಿಲ್ಲ: ಬೆಳೆಗಾರರಿಗೆ ಇತರ ಆದಾಯವೂ ಇದ್ದರೆ, ತೆರಿಗೆಯ ದರ ಗೊತ್ತುಮಾಡುವಾಗ ಅವರ ಕೃಷಿ ಆದಾಯವನ್ನೂ ಕೆಲವೊಮ್ಮೆ ಲೆಕ್ಕಕ್ಕೆ ಹಿಡಿಯುತ್ತಾರೆ, ಆಗ ಈ ಮಾತೂ ದಾರಿ ತಪ್ಪಿಸುತ್ತದೆ ಎನ್ನುತ್ತಾರೆ. ‘ಕೃಷಿ ಆದಾಯವನ್ನು ಬಿಟ್ಟು’ ಎಂದು ನೇರವಾಗಿ ಸೇರಿಸುವುದು ಲೇಸೇ, ಅಥವಾ ಎರಡನ್ನೂ ಅಡಕಗೊಳಿಸುವ ಬಳಕೆ ಮಾತೊಂದಿದೆಯೇ ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.