ಫೋಟೊದಲ್ಲಿರುವ ಪ್ರಶ್ನೆ: 5 ಜನ, ಒಂದೇ ತಿಂಗಳಲ್ಲಿ ಹುಟ್ಟಿದವರು. ನನಗೆ 10/12 ಬರ್ತಿದೆ, ಉತ್ತರ 0.62 ಅಂತಿದೆ

ಲೆಡ್ಜರ್_ಅತ್ತೆ
ಅಣ್ಣನ ಮಗ ಟ್ಯೂಷನ್ನಿನ ಬೋರ್ಡ್ ಫೋಟೊ ಹೊಡ್ಕೊಂಡು ಬಂದಿದ್ದಾನೆ. ಕಿಟಕಿ ಬೆಳಕು ಬಿದ್ದು ಅರ್ಧ ಬೆಳ್ಳಗಾಗಿದೆ, ಎಡಗಡೆ ಅಂಚೂ ಕಟ್ ಆಗಿದೆ. ಕಾಣೋದು ಇಷ್ಟು: "5 ಗೆಳೆಯರಲ್ಲಿ … ಇಬ್ಬರು ಒಂದೇ ತಿಂಗಳಲ್ಲಿ ಹುಟ್ಟಿರುವ ಸಂಭವನೀಯತೆ ಎಷ್ಟು? (ಎಲ್ಲ ತಿಂಗಳೂ ಸಮ ಎಂದು ತಿಳಿಯಿರಿ)". ಮೂಲೆಯಲ್ಲಿ ಸಣ್ಣದಾಗಿ 0.62 ಅಂತ ಬರೆದಿದ್ದಾರೆ.

ನಾನು ಮಾಡಿದ್ದು ಹೀಗೆ. 5 ಜನರಲ್ಲಿ 10 ಜೋಡಿ ಆಗುತ್ತವೆ. ಒಂದು ಜೋಡಿಯ ತಿಂಗಳು ಹೊಂದೋದು 1/12. ಹತ್ತು ಜೋಡಿಗೆ 10/12, ಅಂದರೆ 0.83. ಎಲ್ಲಿ ತಪ್ಪಿದೆ ಅಂತ ಎರಡು ದಿನದಿಂದ ಹುಡುಕುತ್ತಿದ್ದೇನೆ. ಹುಡುಗ ಬೇರೆ "ಅತ್ತೆ, ಆಯ್ತಾ?" ಅಂತ ಕೇಳ್ತಾನೇ ಇದ್ದಾನೆ.

ಅಂಚೆಮನೆ
ಜೋಡಿ ಯಾಕೆ ಬೇಕು? ನನ್ನ ತಿಂಗಳು ಒಂದು, ಉಳಿದ ನಾಲ್ಕು ಜನರಲ್ಲಿ ಯಾರಾದರೂ ಅದೇ ತಿಂಗಳಿನವರಾ ಅಂತ ನೋಡಿದರೆ ಸಾಕಲ್ವಾ. ಯಾರೂ ಅಲ್ಲ ಅನ್ನೋದು (11/12)^4, ಅಂದರೆ 0.71. ಒಂದರಿಂದ ಕಳೆದರೆ 0.29. ಬೋರ್ಡಿನ ಉತ್ತರವೇ ತಪ್ಪಿರಬೇಕು.

ಹಳೇಮೇಷ್ಟ್ರು
ಅಂಚೆಮನೆ ಅವರೇ, ನೀವು ಬೇರೆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದೀರಿ. ನಿಮ್ಮದು "ನನ್ನ ತಿಂಗಳಿನವರು ಬೇರೆ ಯಾರಾದರೂ ಇದ್ದಾರಾ" ಅನ್ನೋ ಲೆಕ್ಕ. ಇಲ್ಲಿ ನೀವು ಮಾರ್ಚ್ ಆಗಿದ್ದು, ಮೂರನೆಯವರು ಮತ್ತು ಐದನೆಯವರು ಇಬ್ಬರೂ ಆಗಸ್ಟ್ ಆಗಿದ್ದರೂ ಹೊಂದಿತು ಅಂತಲೇ ಅರ್ಥ.

ಅತ್ತೆಯವರೇ, ನಿಮ್ಮ ದಾರಿಯಲ್ಲೇ 6 ಜನಕ್ಕೆ ಮಾಡಿ ನೋಡಿ. 15 ಜೋಡಿ, 15/12. ಸಂಭವನೀಯತೆ ಒಂದನ್ನು ದಾಟಿಬಿಟ್ಟಿತು. ಅಲ್ಲೇ ಗೊತ್ತಾಗುತ್ತೆ, ಕೂಡಿಸಿದ್ದೇ ತಪ್ಪು ಅಂತ. ಮೂವರು ಜೂನಿನಲ್ಲಿ ಹುಟ್ಟಿದ್ದರೆ ನಿಮ್ಮ ಎಣಿಕೆಯಲ್ಲಿ ಅದು ಮೂರು ಜೋಡಿ, ಮೂರು ಸಲ ಲೆಕ್ಕಕ್ಕೆ ಬಂತು. ಪ್ರಶ್ನೆ ಕೇಳ್ತಿರೋದು ಹೊಂದಿತಾ ಇಲ್ವಾ ಅಂತ ಮಾತ್ರ, ಎಷ್ಟು ಸಲ ಅಂತ ಅಲ್ಲ. ನಿಮ್ಮ 10/12 ವ್ಯರ್ಥವೇನಲ್ಲ, ಹೊಂದುವ ಜೋಡಿಗಳು ಸರಾಸರಿ ಎಷ್ಟು ಅನ್ನೋದಕ್ಕೆ ಅದೇ ಉತ್ತರ.

ಇದನ್ನು ಹಿಂದಿನಿಂದ ಹಿಡಿಯಬೇಕು. ಯಾರದ್ದೂ ಹೊಂದಬಾರದು ಅಂದರೆ ಏನಾಗಬೇಕು ಅಂತ ನೋಡಿ. ಐದು ಜನರನ್ನು ಒಬ್ಬೊಬ್ಬರಾಗಿ ಒಳಗೆ ಕರೆಯಿರಿ, ಗೋಡೆಯ ಮೇಲೆ ಹನ್ನೆರಡು ತಿಂಗಳ ಕ್ಯಾಲೆಂಡರ್ ಇದೆ, ಬಂದವರು ತಮ್ಮ ತಿಂಗಳಿಗೆ ಗೀಟು ಹಾಕಬೇಕು. ಮೊದಲಿನವರಿಗೆ 12ಕ್ಕೆ 12 ಖಾಲಿ. ಎರಡನೆಯವರಿಗೆ 11 ಖಾಲಿ. ಮೂರನೆಯವರಿಗೆ 10, ಆಮೇಲೆ 9, ಆಮೇಲೆ 8.

12/12 × 11/12 × 10/12 × 9/12 × 8/12 = 95040/248832 = 55/144 = 0.382

ಇದು ಯಾರದ್ದೂ ಹೊಂದದ ಸಂಭವನೀಯತೆ. ಒಂದರಿಂದ ಕಳೆಯಿರಿ: 89/144, ಅಂದರೆ 0.618. ಬೋರ್ಡಿನ 0.62 ಸಿಕ್ಕಿತು. ಫೋಟೊದಲ್ಲಿ ಕಟ್ ಆಗಿರೋ ಪದ "ಕನಿಷ್ಠ" ಅಂತಲೂ ಇದರಿಂದ ಗೊತ್ತಾಯ್ತು. "ನಿಖರವಾಗಿ ಇಬ್ಬರು ಮಾತ್ರ, ಉಳಿದವರು ಬೇರೆ ಬೇರೆ" ಅಂತ ಇದ್ದಿದ್ದರೆ 10 × 12 × 11 × 10 × 9 / 12^5, ಸುಮಾರು 0.48 ಬರುತ್ತಿತ್ತು.

ಕೋಡುಗಾರ
ನಾನು ಜೋಡಿ ಬಿಡದೆಯೇ ಮಾಡಿದೆ. ಒಂದು ಜೋಡಿ ಹೊಂದದಿರೋದು 11/12, ಹತ್ತೂ ಜೋಡಿ ಹೊಂದದಿರೋದು (11/12)^10 = 0.419. ಕಳೆದರೆ 0.581. ಹತ್ತಿರ ಬಂತು, ಆದರೆ 0.618 ಅಲ್ಲ. ಇದೂ ಒಂದರಿಂದ ಕಳೆಯೋದೇ ತಾನೆ, ಮತ್ತೆ ಯಾಕೆ ಕಮ್ಮಿ ಬಂತು? ಮೇಷ್ಟ್ರ ಉತ್ತರವನ್ನು ಎಲ್ಲ 248832 ಸಾಧ್ಯತೆಗಳನ್ನೂ ಎಣಿಸಿ ಪರೀಕ್ಷೆ ಮಾಡಿದೆ:

```
from itertools import product
n = sum(len(set(x)) < 5
        for x in product(range(12), repeat=5))
print(n, n / 12**5)
```

153792 ಬಂತು, ಭಾಗಿಸಿದರೆ 0.618. ಹಾಗಾಗಿ ಮೇಷ್ಟ್ರದ್ದೇ ಸರಿ, ಅದರಲ್ಲಿ ಅನುಮಾನ ಇಲ್ಲ. ಅಂದಹಾಗೆ 55, 89, 144 ಮೂರೂ ಫಿಬೊನಾಚಿ ಸಂಖ್ಯೆಗಳು! ನೋಡಿ ಖುಷಿ ಆಯ್ತು.

ಹಳೇಮೇಷ್ಟ್ರು
ಕಳೆಯೋ ದಾರಿ ಸರಿ, ಗುಣಿಸಿದ್ದರಲ್ಲಿ ಎಡವಿದ್ದೀರಿ. ಜೋಡಿಗಳು ಒಂದಕ್ಕೊಂದು ಸಂಬಂಧ ಇಲ್ಲದವು ಅಂತ ಅಂದ್ಕೊಂಡ್ರಿ. ಮೂರೇ ಜನರನ್ನು ಹಿಡಿದು ನೋಡಿ. ಮೊದಲನೆಯವರು ಜನವರಿ. ಎರಡನೆಯವರದ್ದು ಜನವರಿ ಅಲ್ಲ, ಮೂರನೆಯವರದ್ದೂ ಅಲ್ಲ. ಈಗ ಅವರಿಬ್ಬರಿಗೂ ಉಳಿದಿದ್ದು ಬರೀ 11 ತಿಂಗಳು. ಹಾಗಾಗಿ ಅವರಿಬ್ಬರು ಹೊಂದೋದು 1/12 ಅಲ್ಲ, 1/11. ನೀವು ಅಲ್ಲೂ 11/12 ಹಾಕಿದ್ದೀರಿ, ಹಾಕಬೇಕಿದ್ದು 10/11. ಜನ ಹೆಚ್ಚಾದ ಹಾಗೆ ಈ ಸಣ್ಣ ವ್ಯತ್ಯಾಸಗಳು ಸೇರಿಕೊಳ್ಳುತ್ತವೆ. 12 ತಿಂಗಳ ಬದಲು 365 ದಿನ ಆಗಿದ್ದರೆ ನಿಮ್ಮ ದಾರಿಯೂ ತುಂಬಾ ಹತ್ತಿರ ಬರುತ್ತಿತ್ತು. 23 ಜನಕ್ಕೆ ನಿಜವಾದದ್ದು 0.507, ನಿಮ್ಮ ದಾರಿಯಲ್ಲಿ 0.500.

ಇನ್ನೊಂದು ಪರೀಕ್ಷೆ: 13 ಜನ ಹಾಕಿ. ಕ್ಯಾಲೆಂಡರಿನಲ್ಲಿ ಹದಿಮೂರನೆಯವರಿಗೆ ಖಾಲಿ ತಿಂಗಳೇ ಇಲ್ಲ, 0/12, ಇಡೀ ಗುಣಲಬ್ಧ ಸೊನ್ನೆ, ಉತ್ತರ ಸರಿಯಾಗಿ 1. ನಿಮ್ಮ ಸೂತ್ರ ಎಷ್ಟೇ ಜನ ಹಾಕಿದರೂ 1 ಮುಟ್ಟೋದೇ ಇಲ್ಲ.

ಅಂಚೆಮನೆ
ಸರಿ, ನನ್ನ ಪ್ರಶ್ನೆ ಬೇರೆ ಆಗಿತ್ತು, ಒಪ್ಪಿದೆ. ಆದರೆ "ಎಲ್ಲ ತಿಂಗಳೂ ಸಮ" ಅನ್ನೋದು ನಮ್ಮ ಮನೆಗೆ ಹೊಂದಲ್ಲ. ಅಪ್ಪ, ದೊಡ್ಡಪ್ಪ, ಇಬ್ಬರು ಮಾವಂದಿರು, ಎಲ್ಲರ ದಾಖಲೆಯಲ್ಲೂ ಜೂನ್ 1. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಯಾರಿಗೂ ನೆನಪಿರಲಿಲ್ಲ, ಮೇಷ್ಟ್ರೇ ಬರೆದುಬಿಟ್ಟರು. ಇಂಥವರು ಜಾಸ್ತಿ ಇದ್ದರೆ ಉತ್ತರ ಮೇಲೆ ಹೋಗುತ್ತಾ, ಕೆಳಗೆ ಬರುತ್ತಾ?

ಹಳೇಮೇಷ್ಟ್ರು
ಮೇಲೆಯೇ. ತಿಂಗಳುಗಳು ಏರುಪೇರಾದರೆ ಹೊಂದೋದು ಹೆಚ್ಚೇ ಆಗುತ್ತೆ, ಸಮ ಇದ್ದಾಗಲೇ ಅತಿ ಕಮ್ಮಿ. ಅರ್ಧದಷ್ಟು ಜನರ ದಾಖಲೆಯಲ್ಲಿ ಜೂನ್, ಉಳಿದರ್ಧ 11 ತಿಂಗಳಿಗೆ ಸಮವಾಗಿ ಹಂಚಿದೆ ಅಂತ ಇಟ್ಕೊಳ್ಳಿ. ಯಾರದ್ದೂ ಹೊಂದಬಾರದು ಅಂದರೆ ಐವರಲ್ಲಿ ಒಬ್ಬರೂ ಜೂನ್ ಇರಬಾರದು, ಇಲ್ಲವೇ ಒಬ್ಬರೇ ಇರಬೇಕು. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿದೆ, 0.095 ಬಂತು. ಅಂದರೆ ಹೊಂದೋದು 0.90 ದಾಟಿತು. ಇಲ್ಲಿ ಕೂಡಿಸಬಹುದು, ಎರಡೂ ಒಟ್ಟಿಗೆ ಆಗೋಕೆ ಸಾಧ್ಯವೇ ಇಲ್ಲ.

ಕೋಡುಗಾರ
10/11 ನೋಡಿದ ಮೇಲೆ ಅರ್ಥ ಆಯ್ತು ಸರ್. ಆದರೂ ಏರುಪೇರಾದರೆ ಯಾವಾಗಲೂ ಹೆಚ್ಚೇ ಅನ್ನೋದಕ್ಕೆ ಸಾಧನೆ ಬೇಕು. ಇಬ್ಬರಿಗೆ ಮಾಡಿ ನೋಡಿದೆ, ಬಂತು. ಐವರಿಗೆ ಇನ್ನೂ ಕೂತಿದ್ದೇನೆ.

ಲೆಡ್ಜರ್_ಅತ್ತೆ
ಮೇಷ್ಟ್ರೇ, ತುಂಬಾ ಉಪಕಾರ ಆಯ್ತು. ಹುಡುಗನಿಗೆ ನಿಜವಾದ ಕ್ಯಾಲೆಂಡರ್ ಕೊಟ್ಟು ಪೆನ್ಸಿಲ್‌ನಲ್ಲಿ ಗೀಟು ಹಾಕಿಸಿದೆ, 9/12 ಬರೋ ಹೊತ್ತಿಗೆ ಅವನೇ "ಮುಂದಿನದು ಎಂಟು" ಅಂದ. ಫೋಟೊ ಕೆಳಗೆ ಇನ್ನೊಂದು ಸಾಲಿದೆ: "ಸಂಭವನೀಯತೆ 0.… ಮೀರಬೇಕಾದರೆ ಕನಿಷ್ಠ ಎಷ್ಟು ಗೆಳೆಯರು ಬೇಕು?" ಅಂಕಿ 8 ಇರಬಹುದು, 9 ಇರಬಹುದು. ಹಿಗ್ಗಿಸಿದರೆ ಇನ್ನೂ ಮಸುಕು.

ಹಳೇಮೇಷ್ಟ್ರು
ಅದೇ ಸರಪಳಿ ಮುಂದುವರಿಸಿ. 0.382ನ್ನು 7/12ರಿಂದ ಗುಣಿಸಿ, ಆಮೇಲೆ 6/12, ಆಮೇಲೆ 5/12. ಒಂದರಿಂದ ಕಳೆದರೆ 6 ಜನಕ್ಕೆ 0.777, 7 ಜನಕ್ಕೆ 0.889, 8 ಜನಕ್ಕೆ 0.954. ಹಾಗಾಗಿ 0.8 ಆದರೆ 7 ಜನ, 0.9 ಆದರೆ 8 ಜನ. ಫೋಟೊ ನೋಡಿ ನಾನು ಯಾವುದು ಅಂತ ಹೇಳಲಾರೆ.

ಲೆಡ್ಜರ್_ಅತ್ತೆ
ನಾಳೆ ಸಂಜೆ ಟ್ಯೂಷನ್ ಇದೆ, ಬೋರ್ಡ್ ಒರೆಸಿರದಿದ್ದರೆ ನೋಡ್ಕೊಂಡು ಬಾ ಅಂದಿದ್ದೇನೆ. ಎರಡೂ ಉತ್ತರ ಬರೆಸಿಟ್ಟಿದ್ದೇನೆ.