ಆರು ಜನ ಸಿಸ್ಟರ್‌ಗಳ ಡ್ಯೂಟಿ ಲಿಸ್ಟ್: ಭಾನುವಾರದ ನೈಟ್ ಯಾವಾಗಲೂ ಒಬ್ಬಳಿಗೇ ಬೀಳುತ್ತಿದೆ

ಪ್ರಶ್ನೆ (ಇನ್‌ಚಾರ್ಜ್ ಸಿಸ್ಟರ್, ತಾಲ್ಲೂಕು ಊರಿನ ಕ್ಲಿನಿಕ್)

ನಮ್ಮದು ಹತ್ತು ಬೆಡ್‌ಗಳ ಕ್ಲಿನಿಕ್. ನನ್ನನ್ನೂ ಸೇರಿಸಿ ಆರು ಜನ ನರ್ಸ್‌ಗಳು. ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8. ಬೆಳಗ್ಗೆ ಒಪಿಡಿ ಇರುವುದರಿಂದ ಇಬ್ಬರು ಬೇಕು, ಉಳಿದ ಪಾಳಿಗಳಿಗೆ ಒಬ್ಬೊಬ್ಬರು ಸಾಕು. ಸೋಮವಾರದಿಂದ ಭಾನುವಾರದವರೆಗೆ ಒಂದು ಚಾರ್ಟ್ ಬರೆದು ಗೋಡೆಗೆ ಅಂಟಿಸಿದ್ದೇನೆ. ಅದೇ ಪ್ರತಿ ವಾರ ನಡೆಯುತ್ತದೆ. ಭಾನುವಾರದ ನೈಟ್ ಮಾತ್ರ ಎಲ್ಲರಿಗಿಂತ ಚಿಕ್ಕವಳಿಗೇ ಬೀಳುತ್ತಿದೆ. ಬದಲಾಯಿಸಿದರೆ ಇನ್ನೊಬ್ಬರು ಮುಖ ಊದಿಸುತ್ತಾರೆ. ಯಾರಿಗೂ ಬೇಜಾರಾಗದ ಹಾಗೆ ಹೇಗೆ ಮಾಡುವುದು?

ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಮೈಸೂರು

ಸಿಸ್ಟರ್, ತಪ್ಪು ನಿಮ್ಮದಲ್ಲ, ಚಾರ್ಟ್‌ನದು. ವಾರಕ್ಕೆ ಏಳು ದಿನ. ಏಳು ದಿನದ ಚಾರ್ಟನ್ನು ಮತ್ತೆ ಮತ್ತೆ ತಿರುಗಿಸಿದರೆ ಯಾರ ಪಾಳಿ ಯಾವ ದಿನಕ್ಕೆ ಕೂತಿದೆಯೋ ಅಲ್ಲೇ ಕೂತಿರುತ್ತದೆ. ಭಾನುವಾರದ ನೈಟ್ ಸಿಕ್ಕವಳಿಗೆ ಅದೇ ಗಟ್ಟಿ.

ವಾರವನ್ನು ಮರೆತುಬಿಡಿ. ಆರು ದಿನದ ಒಂದು ಸುತ್ತು ಮಾಡಿ: ಬೆಳಗ್ಗೆ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ನಿದ್ದೆ, ಆಫ್. ಆರೂ ಜನರಿಗೆ ಇದೇ ಸುತ್ತು. ಆದರೆ ಒಬ್ಬೊಬ್ಬರೂ ಒಂದೊಂದು ದಿನ ಹಿಂದೆ. ಹೆಸರಿನ ಬದಲು ಕ, ಖ ಅಂತ ಬರೆಯುತ್ತೇನೆ:

| | ಸೋಮ | ಮಂಗಳ | ಬುಧ | ಗುರು | ಶುಕ್ರ | ಶನಿ | ಭಾನು |
|---|---|---|---|---|---|---|---|
| ಕ | ಬೆ | ಬೆ | ಮ | ರಾ | ನಿದ್ದೆ | ಆಫ್ | ಬೆ |
| ಖ | ಆಫ್ | ಬೆ | ಬೆ | ಮ | ರಾ | ನಿದ್ದೆ | ಆಫ್ |
| ಗ | ನಿದ್ದೆ | ಆಫ್ | ಬೆ | ಬೆ | ಮ | ರಾ | ನಿದ್ದೆ |
| ಘ | ರಾ | ನಿದ್ದೆ | ಆಫ್ | ಬೆ | ಬೆ | ಮ | ರಾ |
| ಚ | ಮ | ರಾ | ನಿದ್ದೆ | ಆಫ್ | ಬೆ | ಬೆ | ಮ |
| ಛ | ಬೆ | ಮ | ರಾ | ನಿದ್ದೆ | ಆಫ್ | ಬೆ | ಬೆ |

ಯಾವ ದಿನವನ್ನಾದರೂ ಮೇಲಿಂದ ಕೆಳಗೆ ಓದಿ ನೋಡಿ. ಬೆಳಗ್ಗೆ ಇಬ್ಬರು, ಮಧ್ಯಾಹ್ನ ಒಬ್ಬರು, ರಾತ್ರಿ ಒಬ್ಬರು ಇದ್ದೇ ಇರುತ್ತಾರೆ. ಈ ಭಾನುವಾರದ ರಾತ್ರಿ ಘ ಅವರದು. ಮುಂದಿನ ಭಾನುವಾರದ ಹೊತ್ತಿಗೆ ಎಲ್ಲರೂ ಒಂದು ಮೆಟ್ಟಿಲು ಮುಂದೆ ಹೋಗಿರುತ್ತಾರೆ, ಆಗ ರಾತ್ರಿ ಚ ಅವರದು. ಆರು ವಾರದಲ್ಲಿ ಆರೂ ಜನರಿಗೆ ಒಂದೊಂದು ಭಾನುವಾರದ ನೈಟ್. ಸೋಮವಾರ, ಶನಿವಾರಕ್ಕೂ ಅಷ್ಟೇ. ಯಾರಿಗೆ ಏನು ಕೊಡಬೇಕು ಅಂತ ನೀವು ತೀರ್ಮಾನ ಮಾಡುವ ಪ್ರಮೇಯವೇ ಬರುವುದಿಲ್ಲ, ಜಗಳ ಅರ್ಧ ಅಲ್ಲೇ ಮುಗಿಯುತ್ತದೆ.

ಇನ್ನೊಂದು ಮಾತು. ಭಾನುವಾರ ನಿಮ್ಮ ಒಪಿಡಿ ಇಲ್ಲದಿದ್ದರೆ ಬೆಳಗ್ಗೆ ಒಬ್ಬರೇ ಸಾಕಲ್ವಾ? ಹಾಗಿದ್ದರೆ ಸತತ ಎರಡನೇ ಬೆಳಗ್ಗೆ ಮಾಡಬೇಕಾದವರನ್ನು ಮನೆಗೆ ಬಿಡಿ. ಮೇಲಿನ ಚಾರ್ಟ್‌ನಲ್ಲಿ ಅದು ಛ. ಆಗ ಆರು ಭಾನುವಾರದಲ್ಲಿ ಪ್ರತಿಯೊಬ್ಬರಿಗೂ ಎರಡು ಪೂರ್ತಿ ರಜೆ ಸಿಗುತ್ತದೆ.

ಸ್ಟಾಫ್ ನರ್ಸ್, ದಾವಣಗೆರೆ

ಇದೆಲ್ಲ ಯಾಕೆ ಇಷ್ಟು ಕಷ್ಟ? ನಮ್ಮಲ್ಲಿ ಒಬ್ಬರಿಗೆ ಒಂದು ವಾರ ಪೂರ್ತಿ ನೈಟ್. ಆಮೇಲೆ ಐದು ವಾರ ನೈಟ್ ಮುಖ ನೋಡುವ ಹಾಗಿಲ್ಲ. ಲೆಕ್ಕ ಸುಲಭ, ಎಲ್ಲರಿಗೂ ಸಮ.

ನಿವೃತ್ತ ಸೂಪರಿಂಟೆಂಡೆಂಟ್

ಸಮ ಅನ್ನುವುದು ಸರಿ. ಆರು ವಾರಕ್ಕೆ ಏಳು ನೈಟ್, ನನ್ನ ಚಾರ್ಟ್‌ನಲ್ಲೂ ಅಷ್ಟೇ ಬರುತ್ತದೆ. ಆದರೆ ನಿಮ್ಮ ನೈಟ್ ಹನ್ನೆರಡು ಗಂಟೆಯದಾ? ಹಾಗಿದ್ದರೆ ಆ ಒಂದು ವಾರದಲ್ಲಿ 84 ಗಂಟೆ ಆಯಿತು, ನಡುವೆ ಒಂದು ಆಫ್ ಕೂಡ ಇಲ್ಲ. ನಾಲ್ಕನೇ ರಾತ್ರಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಡ್ರಿಪ್ ಲೆಕ್ಕ ಹಾಕುವಾಗ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ವಾರ್ಡ್‌ನಲ್ಲಿ ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರನ್ನು ನೋಡಿಕೊಳ್ಳುತ್ತಾರೆ. ಇವರಲ್ಲಿ ರಾತ್ರಿ ಇರುವವಳು ಒಬ್ಬಳೇ.

ಸುತ್ತಿನ ದಿಕ್ಕನ್ನೂ ಗಮನಿಸಿ. ಬೆಳಗ್ಗೆಯಿಂದ ಮಧ್ಯಾಹ್ನ, ಮಧ್ಯಾಹ್ನದಿಂದ ರಾತ್ರಿ. ಪಾಳಿ ಹೀಗೆ ಮುಂದಕ್ಕೆ ಹೋದರೆ ಮೈ ಒಗ್ಗುತ್ತದೆ, ಹಿಂದಕ್ಕೆ ಬಂದರೆ ಒಗ್ಗುವುದು ಕಷ್ಟ. ಇಲ್ಲಿ ಮಧ್ಯಾಹ್ನದ ಡ್ಯೂಟಿ ರಾತ್ರಿ 8ಕ್ಕೆ ಮುಗಿದರೆ ನೈಟ್ ಶುರುವಾಗುವುದು ಮಾರನೇ ದಿನ ರಾತ್ರಿ 8ಕ್ಕೆ. ನೈಟ್ ಮುಗಿಸಿ ಹೋದವಳು ಮತ್ತೆ ಬರುವುದು 48 ಗಂಟೆ ಬಿಟ್ಟು.

ಪಿಎಚ್‌ಸಿ ನರ್ಸ್

ನಮ್ಮಲ್ಲಿ ಇರುವುದೇ ಇಬ್ಬರು. ಹೆರಿಗೆ ಕೇಸ್ ಬಂದರೆ ರಾತ್ರಿ ಕ್ವಾರ್ಟರ್ಸ್‌ನಿಂದ ಎದ್ದು ಹೋಗಬೇಕು. ಮಾರನೇ ದಿನ ಒಪಿಡಿ ತಪ್ಪುವುದಿಲ್ಲ. ಇದಕ್ಕೆ ಯಾವ ಚಾರ್ಟ್ ಹಾಕ್ತೀರಿ ಮೇಡಂ?

ನಿವೃತ್ತ ಸೂಪರಿಂಟೆಂಡೆಂಟ್

ಇಬ್ಬರಿಗೆ ಚಾರ್ಟ್ ಹಾಕಲು ಆಗುವುದಿಲ್ಲಮ್ಮ. ರಾತ್ರಿ ಎದ್ದು ಹೋದ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಮೆಡಿಕಲ್ ಆಫೀಸರ್ ಹತ್ತಿರ ಸಹಿ ಮಾಡಿಸಿಕೊಳ್ಳಿ. ಬದಲಿ ರಜೆ ಕೇಳಲು ಕೈಯಲ್ಲಿ ಏನಾದರೂ ಇರಬೇಕು.

ಸಣ್ಣ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರ್

ನಾನು ಮಾಲೀಕನ ಕಡೆಯಿಂದ ಕೇಳುತ್ತೇನೆ. ಆರು ದಿನಕ್ಕೆ ಎರಡು ದಿನ ರಜೆಯಾ? ವಾರಕ್ಕೆ ಎಷ್ಟು ಗಂಟೆ ಕೆಲಸ ಆಯಿತು? ಮಧ್ಯಾಹ್ನವೂ ನನಗೆ ಇಬ್ಬರು ಬೇಕು. ಬೆಳಗ್ಗೆ, ಬೆಳಗ್ಗೆ, ಮಧ್ಯಾಹ್ನ, ಮಧ್ಯಾಹ್ನ, ರಾತ್ರಿ, ನಿದ್ದೆ ಅಂತ ಯಾಕೆ ಮಾಡಬಾರದು?

ನಿವೃತ್ತ ಸೂಪರಿಂಟೆಂಡೆಂಟ್

ಲೆಕ್ಕ ಕೊಡುತ್ತೇನೆ ಡಾಕ್ಟ್ರೇ. ನನ್ನ ಸುತ್ತಿನಲ್ಲಿ ಮೂರು ಆರು ಗಂಟೆಯ ಪಾಳಿ, ಒಂದು ಹನ್ನೆರಡು ಗಂಟೆಯದು. ಆರು ದಿನಕ್ಕೆ 30 ಗಂಟೆ, ವಾರಕ್ಕೆ 35. ನಿಮ್ಮದರಲ್ಲಿ ವಾರಕ್ಕೆ 42. ಅಷ್ಟೇ ನೋಡಿದರೆ ನಿಮ್ಮದೂ ಜಾಸ್ತಿ ಅಲ್ಲ. ತೊಂದರೆ ಇರುವುದು ಬೇರೆ ಕಡೆ. ನೀವು ನಿದ್ದೆಯ ದಿನವನ್ನು ರಜೆ ಅಂತ ಲೆಕ್ಕ ಹಾಕಿದ್ದೀರಿ. ಆ ದಿನ ಬೆಳಗ್ಗೆ 8ರವರೆಗೆ ಅವಳು ನಿಮ್ಮ ವಾರ್ಡ್‌ನಲ್ಲೇ ಇದ್ದಳು. ಹ್ಯಾಂಡ್‌ಓವರ್ ಕೊಟ್ಟು ಮನೆ ಸೇರುವಾಗ 9. ಸಂಜೆಯವರೆಗೆ ಮಲಗಿ, ಮಾರನೇ ದಿನ 8ಕ್ಕೆ ಮತ್ತೆ ಡ್ಯೂಟಿ. ನಿಮ್ಮ ಸುತ್ತಿನಲ್ಲಿ ಅವಳು ಬೆಳಗ್ಗೆ ಮನೆಯಲ್ಲಿ ಏಳುವ ರಜೆ ಒಂದೂ ಇಲ್ಲ.

ನನ್ನದರಲ್ಲಿ ಬೆಳಗ್ಗೆ ಇರುವ ಎರಡನೆಯವಳೇ ನಿಮ್ಮ ಮೀಸಲು. ಯಾರಾದರೂ ರಜೆ ಹಾಕಿದಾಗ ಅದು ಗೊತ್ತಾಗುತ್ತದೆ. ನಿಮಗೆ ಮಧ್ಯಾಹ್ನವೂ ಇಬ್ಬರು ಬೇಕೇ ಬೇಕು ಅಂದರೆ ಏಳನೆಯವರನ್ನು ತೆಗೆದುಕೊಳ್ಳಿ.

ಡಾಕ್ಟರ್

24 ಗಂಟೆ ಬಿಡುವು ಸಿಕ್ಕಿತಲ್ಲ, ಅದು ರಜೆ ಅಲ್ಲ ಅಂದರೆ ನಾನು ಒಪ್ಪುವುದಿಲ್ಲ. ಇರಲಿ, ಏಳು ಜನ ಇದ್ದರೆ ಏಳು ದಿನದ ಸುತ್ತು ತಾನೇ?

ನಿವೃತ್ತ ಸೂಪರಿಂಟೆಂಡೆಂಟ್

ಅಯ್ಯೋ, ಅದೊಂದು ಮಾಡಬೇಡಿ! ಸುತ್ತು ಏಳು ದಿನದ್ದಾದರೆ ಮತ್ತೆ ಗೋಡೆಯ ಚಾರ್ಟ್‌ಗೇ ಬಂದು ನಿಂತಿರಿ. ಆರು ಜನರ ಸುತ್ತು ಹಾಗೇ ಇರಲಿ. ಏಳನೆಯವರು ಸೋಮವಾರದಿಂದ ಶನಿವಾರ ಮಧ್ಯಾಹ್ನದ ಜೊತೆಗಾರ್ತಿ, ರಜೆ ಬಂದಾಗ ಬದಲಿ. ಆ ಜಾಗವನ್ನು ಆರು ವಾರಕ್ಕೊಮ್ಮೆ ಒಬ್ಬೊಬ್ಬರಿಗೆ ಬದಲಾಯಿಸಿ. ಇಲ್ಲದಿದ್ದರೆ ಅದೂ ಒಬ್ಬರ ಆಸ್ತಿ ಆಗಿಬಿಡುತ್ತದೆ.

ಪ್ರಶ್ನೆ ಕೇಳಿದವರು

ಮೇಡಂ, ತುಂಬ ಚೆನ್ನಾಗಿ ಅರ್ಥವಾಯಿತು. ಎರಡು ಅನುಮಾನ. ನೈಟ್ ಇರುವವಳೇ ಆ ದಿನ ಜ್ವರ ಅಂತ ಫೋನ್ ಮಾಡಿದರೆ? ಇನ್ನೊಂದು, ಪ್ರತಿ ತಿಂಗಳು ಹೊಸ ಶೀಟ್ ಮಾಡುವಾಗ ಎಡವಟ್ಟಾಗುತ್ತದೆ. ಹೋದ ತಿಂಗಳು 31ಕ್ಕೆ ನೈಟ್ ಮಾಡಿದವಳಿಗೆ 1ನೇ ತಾರೀಕು ಬೆಳಗಿನ ಡ್ಯೂಟಿ ಹಾಕಿಬಿಟ್ಟಿದ್ದೆ.

ನಿವೃತ್ತ ಸೂಪರಿಂಟೆಂಡೆಂಟ್

ಮೊದಲನೆಯದಕ್ಕೆ ಮೇಲಿನ ಚಾರ್ಟನ್ನೇ ನೋಡಿ. ಗುರುವಾರದ ನೈಟ್ ಕ ಅವರದು, ಜ್ವರ. ಅದೇ ದಿನ ಮಧ್ಯಾಹ್ನ ಇರುವವರು ಖ. ಅವರಿಗೆ ಹೇಗೂ ನಾಳೆ ನೈಟ್ ಇದೆ. ಅದನ್ನು ಒಂದು ದಿನ ಮುಂಚೆ ಮಾಡಿಸಿ. ಅವರ ಮಧ್ಯಾಹ್ನಕ್ಕೆ ಆ ದಿನ ಎರಡನೇ ಬೆಳಗ್ಗೆಯವರಾದ ಗ ಬರಲಿ. ಗುರುವಾರ ಬೆಳಗ್ಗೆ ಘ ಒಬ್ಬರೇ ಸಂಭಾಳಿಸಬೇಕಾಗುತ್ತದೆ, ನಿಜ. ಶುಕ್ರವಾರದ ನೈಟ್ ಕ ಬಂದು ತೀರಿಸಲಿ. ಶನಿವಾರ ಅವರಿಗೆ ನಿದ್ದೆ, ಭಾನುವಾರ ಎಂದಿನಂತೆ ಬೆಳಗ್ಗೆ. ಉಳಿದ ಮೂವರ ಚಾರ್ಟ್ ಮುಟ್ಟುವ ಹಾಗೇ ಇಲ್ಲ. ಆದರೆ ಫೋನ್ ಬೆಳಗ್ಗೆಯೇ ಬರಬೇಕು. ಸಂಜೆ 7ಕ್ಕೆ ಬಂದರೆ ಖ ಆಗಲೇ ಡ್ಯೂಟಿಯಲ್ಲಿರುತ್ತಾರೆ. ಆಗ ಅವರನ್ನೇ ರಾತ್ರಿಗೂ ನಿಲ್ಲಿಸಿದರೆ 18 ಗಂಟೆ ಆಗುತ್ತದೆ. ಹಾಗೆ ಮಾಡಬೇಡಿ, ಆಫ್ ಇರುವವರನ್ನು ಕೇಳಿ, ಅವರಿಗೆ ಬದಲಿ ರಜೆ ಕೊಡಿ.

ಉದ್ದ ರಜೆಗೆ ಇದು ನಡೆಯುವುದಿಲ್ಲ. ಹೆರಿಗೆ ರಜೆಯೇ 26 ವಾರ. ಆಗ ಐದು ಜನರಿಗೆ ಐದು ದಿನದ ಸುತ್ತು: ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ನಿದ್ದೆ, ಆಫ್. ಬೆಳಗ್ಗೆ ಒಬ್ಬರೇ ಉಳಿಯುತ್ತಾರೆ, ಒಪಿಡಿಗೆ ಬೇರೆ ಸಹಾಯ ಬೇಕು.

ಶೀಟ್ ವಿಷಯ ನನಗೆ ಬರುವುದಿಲ್ಲ. ನಾನು ಕೊನೆಯವರೆಗೂ ಉದ್ದ ರಿಜಿಸ್ಟರ್‌ನಲ್ಲೇ ಬರೆದವಳು.

ಆಸ್ಪತ್ರೆ ಅಕೌಂಟ್ಸ್‌ನವರು

ಅದನ್ನು ನಾನು ಹೇಳುತ್ತೇನೆ. A ಕಾಲಮ್‌ನಲ್ಲಿ ಹೆಸರು, B ಕಾಲಮ್‌ನಲ್ಲಿ 0ಯಿಂದ 5ರವರೆಗೆ ಒಬ್ಬೊಬ್ಬರಿಗೆ ಒಂದು ನಂಬರ್. ಒಂದನೇ ಸಾಲಿನಲ್ಲಿ C1ನಿಂದ ತಾರೀಕುಗಳು. C2ನಲ್ಲಿ ಇದನ್ನು ಹಾಕಿ ಎಲ್ಲ ಕಡೆ ಎಳೆಯಿರಿ:

```
=MID("MMENSO",MOD(C$1-$B2,6)+1,1)
```

M ಬೆಳಗ್ಗೆ, E ಮಧ್ಯಾಹ್ನ, N ರಾತ್ರಿ, S ನಿದ್ದೆ, O ಆಫ್. ಲೆಕ್ಕ ತಾರೀಕಿನಿಂದಲೇ ಹೊರಡುವುದರಿಂದ ತಿಂಗಳು ಬದಲಾದರೂ ಸುತ್ತು ತುಂಡಾಗುವುದಿಲ್ಲ. ಆದರೆ B ಕಾಲಮ್‌ನ ನಂಬರ್‌ಗಳನ್ನು ಹೊಸ ಶೀಟ್‌ನಲ್ಲಿ ಬದಲಾಯಿಸಬೇಡಿ. `#VALUE!` ಅಂತ ಬಂದರೆ ತಾರೀಕು ಬರಹವಾಗಿ ಕೂತಿದೆ ಅಂತ ಅರ್ಥ, ಸರಿಯಾಗಿ ಟೈಪ್ ಮಾಡಿ. ನಾನು ಮೊದಲು M ಬದಲು "ಬೆ" ಹಾಕಲು ಹೋಗಿದ್ದೆ. ನಮಗೆ ಒಂದು ಅಕ್ಷರ, ಕಂಪ್ಯೂಟರ್‌ಗೆ ಎರಡು. ಇಡೀ ಚಾರ್ಟ್ ಚೆಲ್ಲಾಪಿಲ್ಲಿ ಆಯಿತು!

ಕೊನೆಗೆ ಪ್ರತಿ ದಿನದ ಕೆಳಗೆ ಇದನ್ನು ಹಾಕಿ. 1 ಅಲ್ಲದೆ ಬೇರೆ ಬಂದರೆ ಯಾರೋ ಕೈಯಿಂದ ತಿದ್ದಿದ್ದಾರೆ:

```
=COUNTIF(C2:C7,"N")
```

ಕನ್ನಡದ ನರ್ಸ್, ಮಸ್ಕತ್

ಹಬ್ಬದ ವಿಷಯ ಯಾರೂ ಎತ್ತಲಿಲ್ಲ. ಭಾನುವಾರ ಸಮ ಆಗಬಹುದು. ಯುಗಾದಿ, ರಂಜಾನ್, ಕ್ರಿಸ್‌ಮಸ್ ಯಾವ ಸುತ್ತಿಗೂ ಸಿಗುವುದಿಲ್ಲ. ನಮ್ಮಲ್ಲಿ ಒಂದು ರಿಕ್ವೆಸ್ಟ್ ಪುಸ್ತಕ ಇದೆ. ಚಾರ್ಟ್ ಬರುವ ಮುಂಚೆ ತಿಂಗಳಿಗೆ ಒಂದೆರಡು ದಿನ ಬರೆಯಬಹುದು. ಕಳೆದ ಸಲ ಹಬ್ಬದ ದಿನ ಡ್ಯೂಟಿ ಮಾಡಿದವರ ಕೋರಿಕೆಯನ್ನು ಮೊದಲು ನೋಡುತ್ತಾರೆ.

ಪ್ರಶ್ನೆ ಕೇಳಿದವರು

ಪುಸ್ತಕ ಇಡುತ್ತೇನೆ. ಸೋಮವಾರದಿಂದ ಹೊಸ ಚಾರ್ಟ್. ಒಂದು ಮಾತ್ರ ಬಗೆಹರಿದಿಲ್ಲ. ಒಬ್ಬರಿಗೆ ಎಂಟು ತಿಂಗಳ ಮಗು ಇದೆ, ನೈಟ್ ಬೇಡ ಅನ್ನುತ್ತಾರೆ. ಅವರನ್ನು ಬಿಟ್ಟರೆ ಉಳಿದ ಐವರಿಗೆ ಆರು ವಾರದಲ್ಲಿ ಏಳು ನೈಟ್ ಬದಲು ಎಂಟು ಅಥವಾ ಒಂಬತ್ತು ಆಗುತ್ತದೆ.

ಸ್ಟಾಫ್ ನರ್ಸ್, ದಾವಣಗೆರೆ

ಭಾನುವಾರದ ಬೆಳಗ್ಗೆ ಡ್ಯೂಟಿಗಳನ್ನು ಅವರೇ ಜಾಸ್ತಿ ಮಾಡಲಿ. ಕೊಟ್ಟು ತೆಗೆದುಕೊಳ್ಳುವುದು.

ನಿವೃತ್ತ ಸೂಪರಿಂಟೆಂಡೆಂಟ್

ಮಗು ಇರುವವಳಿಗೆ ಅದು ಶಿಕ್ಷೆ ಕೊಟ್ಟ ಹಾಗೆ. ಆದರೆ ಉಳಿದ ಐವರು ಸುಮ್ನೆ ಹೊರಬೇಕು ಅಂತ ಹೇಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ. ಆರೂ ಜನರನ್ನು ಕೂರಿಸಿ ಕೇಳಿ ಸಿಸ್ಟರ್. ಏನೇ ಒಪ್ಪಿದರೂ ಅದು ಎಷ್ಟು ತಿಂಗಳಿಗೆ ಅಂತ ತಾರೀಕು ಹಾಕಿ ಬರೆದುಕೊಳ್ಳಿ.