ಬಾಟಲಿ ಪರೀಕ್ಷೆದಾಗ ಎರಡೂ ಉಸುಕು ಫೇಲ್, ಯಾವುದು ವಾಪಸ್ ಕಳಸ್ಲಿ?

ಪ್ರಶ್ನೆ (ಕಲಬುರಗಿ, ಮನೆ ಕಟ್ಟಿಸ್ಲತ್ತಿರುವವರು): ಸರ್, ಸೇಡಂ ರೋಡ್ ಕಡಿ ಮನಿ ಕಟ್ಟಿಸ್ಲತ್ತೀನಿ. ಸ್ಲ್ಯಾಬಿಗೆ ಅಂತ ಎಂ ಸ್ಯಾಂಡ್, ಪ್ಲಾಸ್ಟರಿಗೆ ಅಂತ ಭೀಮಾ ನದಿ ಉಸುಕು, ಒಂದೊಂದು ಟಿಪ್ಪರ್ ತರಿಸೀನಿ. ಬಾಟಲಿದಾಗ ನೀರು ಹಾಕಿ ಅಲ್ಲಾಡಿಸಿ ಅರ್ಧ ತಾಸು ಬಿಟ್ಟು ನೋಡಿದ್ರ ಎರಡರ ಮ್ಯಾಲೂ ಮಣ್ಣಿನ ಪದರ ಕುಂತದ, ಎರಡೂ ಶೇ. 8 ದಾಟ್ಯಾವ. ಎರಡೂ ವಾಪಸ್ ಕಳಸಬೇಕೇನ್ರಿ? ನಮ್ಮ ಗೌಂಡಿ "ನದಿ ಉಸುಕು ಇರ್ಲಿ, ಎಂ ಸ್ಯಾಂಡ್ ಮಾತ್ರ ಕಳಸ್ರಿ" ಅಂತಾನ.

ಸೈಟ್ ಇಂಜಿನಿಯರ್ (ಕಲಬುರಗಿ): ನಿಮ್ಮ ಗೌಂಡಿ ಹೇಳಿದ್ದು ಉಲ್ಟಾ ಇರಬಹುದು. ಆದ್ರ ಈಗಿನ ಪರೀಕ್ಷೆ ಮ್ಯಾಲ ಯಾವುದನ್ನೂ ಕಳಸಬ್ಯಾಡ್ರಿ. ಬಾಟಲಿಯ ಶೇ. 8 ಅನ್ನೋ ಗಡಿ ನದಿ ಉಸುಕಿಗೆ ಹಾಕಿದ್ದು. ಎಂ ಸ್ಯಾಂಡ್ ಮ್ಯಾಲ ಕುಂತಿದ್ದು ಬಹುತೇಕ ಕಲ್ಲಿನ ಪುಡಿ. ಕಲ್ಲು ಒಡದಾಗ ಅದು ಬಂದೇ ಬರ್ತದ. ಅದಕ್ಕೇ ಐಎಸ್ 383ರ 2016ರ ಆವೃತ್ತಿದಾಗ, 75 ಮೈಕ್ರಾನ್ ಜರಡಿ ದಾಟೋ ನುಣುಪು ನದಿ ಉಸುಕಿನಾಗ ತೂಕದ ಲೆಕ್ಕಕ್ಕ ಶೇ. 3 ಇರಬಹುದು, ಕಲ್ಲು ಒಡದು ಮಾಡಿದ್ದರಾಗ ಶೇ. 15 ತನಕ ಇರಬಹುದು ಅಂತ ಅದ. ಪುಡಿ ಜಾಸ್ತಿ ಆದ್ರ ನೀರು ಹೆಚ್ಚು ಕೇಳ್ತದ, ಅಷ್ಟೇ. ಜೇಡಿಮಣ್ಣಿನ ಕಥಿ ಬ್ಯಾರೆ. ಅದು ಕಣಕ್ಕ ಅಂಟಿಕೊಂಡು ಸಿಮೆಂಟ್ ಹಿಡೀಲಾರದಂಗ ಮಾಡ್ತದ, ಒಣಗಿದಾಗ ಕುಗ್ತದ. ನಮ್ಮ ಕಡಿ ನದಿಗೆ ಸೇರೋದು ಎರಿ ಮಣ್ಣು, ಕುಗ್ಗೋದ್ರಾಗ ಅದರ ಸಮ ಇನ್ನೊಂದಿಲ್ಲ. ಹಂಗಾಗಿ ಪದರ ಎಷ್ಟು ದಪ್ಪ ಅದ ಅನ್ನೋದಕ್ಕಿಂತ ಅದು ಏನರದ್ದು ಅನ್ನೋದು ಮೊದಲು ತಿಳೀಬೇಕು.

ಇವತ್ತು ಸಂಜಿ ಹಿಂಗ ಮಾಡ್ರಿ. ಕೂಲ್ ಡ್ರಿಂಕ್ ಬಾಟಲಿ ಬ್ಯಾಡ, ನಡುವು ಸಣ್ಣ ಇದ್ರ ಅಳತಿ ತಪ್ಪತದ. ಉಪ್ಪಿನಕಾಯಿ ಹಾಕೋವಂಥ ನೆಟ್ಟಗಿನ ಗಾಜಿನ ಡಬ್ಬಿ ನಾಕು ತಗೋರಿ. ಉಸುಕು ಗುಡ್ಡಿಯ ಮ್ಯಾಲಿನಿಂದ ಎತ್ತಬ್ಯಾಡ್ರಿ. ಹಸಿ ಉಸುಕಿನ ಮಣ್ಣು ಕೆಳಗ ಇಳೀತದ, ಅದಕ್ಕ ಎಂಟತ್ತು ಕಡಿ ಒಳಗ ಕೈ ಹಾಕಿ ತಗದು ಕಲಸ್ರಿ.

ಎರಡು ಡಬ್ಬಿಗೆ ಉಪ್ಪಿನ ನೀರು, ಅರ್ಧ ಲೀಟರಿಗೆ ಒಂದು ಸಣ್ಣ ಚಮಚ ಉಪ್ಪು. ಡಬ್ಬಿಯ ಮೂರನೇ ಒಂದು ಪಾಲು ನೀರು ಹಾಕಿ, ಮೂರನೇ ಎರಡು ಪಾಲಿನ ಗೆರಿಗೆ ಬರೋತನ ಉಸುಕು ಸುರೀರಿ, ಮ್ಯಾಲ ಮತ್ತ ಉಪ್ಪಿನ ನೀರು. ಅಲ್ಲಾಡಿಸಾಕ ಸ್ವಲ್ಪ ಜಾಗ ಬಿಡ್ರಿ. ಜೋರಾಗಿ ಅಲ್ಲಾಡಿಸಿ, ಮೂರು ತಾಸು ಮುಟ್ಟಬ್ಯಾಡ್ರಿ. ಎರಿ ಮಣ್ಣಿನ ಕಣ ಉಪ್ಪಿಲ್ಲದ ನೀರಿನಾಗ ರಾತ್ರಿಯೆಲ್ಲ ತೇಲಾಡ್ತದ, ಉಪ್ಪು ಬಿದ್ರ ಕಣಗಳು ಒಂದಕ್ಕೊಂದು ಕೂಡಿ ಕೆಳಗ ಕುಂದರ್ತಾವ. ನೀವು ಅರ್ಧ ತಾಸಿಗೆ ನೋಡೀರಿ, ಅಂದ್ರ ನದಿ ಉಸುಕಿನ ಮಣ್ಣು ಇನ್ನೂ ನೀರಿನಾಗೇ ಇತ್ತು.

ಉಳಿದ ಎರಡು ಡಬ್ಬಿಗೆ ಉಪ್ಪು ಹಾಕಬ್ಯಾಡ್ರಿ. ಇಲ್ಲಿ ಒಂದು ಮಾತು, ನಮ್ಮೂರಿನ ಬೋರ್ ನೀರು ಗಡಸು, ಅದರಾಗಿನ ಲವಣನೇ ಉಪ್ಪಿನ ಕೆಲಸ ಮಾಡಿ ಮಣ್ಣು ಇಳಿಸಿಬಿಡ್ತದ. ಅದಕ್ಕ ಈ ಎರಡಕ್ಕ ಆರ್‌ಒ ನೀರು ಹಾಕ್ರಿ. ಒಂದೂವರೆ ತಾಸಿಗೆ ನೀರು ಬಹುತೇಕ ತಿಳಿ ಆದ್ರ ಅದು ಕಲ್ಲಿನ ಪುಡಿ. ಮುಂಜಾನಿಗೂ ಬಗ್ಗಡ ಇದ್ರ ಜೇಡಿಮಣ್ಣು.

ಗೌಂಡಿ ಮೇಸ್ತ್ರಿ (ಶಹಾಪುರ, ಯಾದಗಿರಿ): ಇಷ್ಟೆಲ್ಲಾ ಯಾಕ್ ಬೇಕ್ರಿ ಸರ್. ನಾ 22 ವರ್ಷದಿಂದ ಒಂದೇ ಪರೀಕ್ಷೆ ಮಾಡ್ತೀನಿ. ಮುಷ್ಟ್ಯಾಗ ಉಸುಕು ಹಿಡದು ತಿಕ್ಕಿ ಬಿಟ್ರ ಕೈ ಹೊಲಸಾದ್ರ ಬ್ಯಾಡ, ಕೈ ಸ್ವಚ್ಛ ಇದ್ರ ಬೇಕು. ಮತ್ತ ಈಗ ಎಂ ಸ್ಯಾಂಡ್ ಅಂತ ಹೇಳಿ ಕ್ರಷರ್ ಡಸ್ಟ್ ತುಂಬಿ ಕಳಸ್ಲತ್ತಾರ, ಅದನ್ನ ಯಾರೂ ಹೇಳಂಗಿಲ್ಲ.

ಸೈಟ್ ಇಂಜಿನಿಯರ್: ಡಸ್ಟಿನ ಮಾತು ನೂರಕ್ಕ ನೂರು ಖರೇ ಅಣ್ಣಾ. ಖಡಿ ಒಡಿಯಾಗ ಕೆಳಗ ಉಳಿಯೋ ಡಸ್ಟ್ ಬ್ಯಾರೆ, ಅದರ ಕಣ ಚಪ್ಪಟಿ, ಸೂಜಿಯಂಗ. ಎಂ ಸ್ಯಾಂಡ್ ಅಂದ್ರ ಕಲ್ಲಿಗೆ ಕಲ್ಲು ಬಡದು ಮೂಲಿ ಸವೆಯೋ ಮಶೀನಿನಾಗ ಮಾಡಿ, ಜರಡಿ ಹಿಡದು, ತೊಳದದ್ದು. ಅಂಗೈ ಮ್ಯಾಲ ಹರವಿ ನೋಡಿದ್ರ ಗೊತ್ತಾಗ್ತದ. ಕೈ ಪರೀಕ್ಷೆ ನದಿ ಉಸುಕಿಗೆ ಬರೋಬ್ಬರಿ. ಆದ್ರ ಒಳ್ಳೆ ಎಂ ಸ್ಯಾಂಡೂ ಕೈಗೆ ಬೂದಿ ಹತ್ತಿಸ್ತದ. ಆ ಬೂದಿ ಒಣಗಿದಾಗ ಊದಿದ್ರ ಹಾರ್ತದ, ಮಣ್ಣು ಅಂಗೈ ಗೆರಿಯೊಳಗ ಕುಂತುಬಿಡ್ತದ. ಇಷ್ಟು ಸೇರಿಸಿಕೊಂಡ್ರ ನಿಮ್ಮ ಪರೀಕ್ಷೆನೂ ನಡೀತದ.

ಬೀದರ್‌ನಿಂದ ಒಬ್ಬರು: ನಮ್ಮ ಮನಿ ಹೊರಗಿನ ಗ್ವಾಡಿಗೆ ಪಿ ಸ್ಯಾಂಡ್ ಹಾಕಿ ಪ್ಲಾಸ್ಟರ್ ಮಾಡಿಸಿದೆ, ಏಪ್ರಿಲ್ ತಿಂಗಳದಾಗ. ವಾರದಾಗ ನಕಾಶೆಯಂಗ ಬಿರುಕು. ಅಂದ್ರ ಕಲ್ಲಿನ ಉಸುಕು ಪ್ಲಾಸ್ಟರಿಗೆ ಬ್ಯಾಡೇ ಬ್ಯಾಡ. ನದಿ ಉಸುಕೇ ತರ್ರಿ.

ಸೈಟ್ ಇಂಜಿನಿಯರ್: ಮಾಲು ಎಷ್ಟಕ್ಕೆಷ್ಟು ಕಲಸಿದ್ರು? ನೀರು ಎಷ್ಟು ದಿನ ಹೊಡದ್ರಿ? ಮುಗಿಸುವಾಗ ಮ್ಯಾಲ ಸಿಮೆಂಟ್ ತಿಳಿ ಬಳದು ನುಣುಪು ಮಾಡಿದ್ರೇನು?

ಬೀದರ್‌ನಿಂದ ಒಬ್ಬರು: ಗಟ್ಟಿ ಇರ್ಲಿ ಅಂತ 1:3 ಹಾಕ್ಸಿದೆ. ನೀರು ಸಂಜಿಗೆ ಒಮ್ಮೆ ಹೊಡೀತಿದ್ವಿ. ತಿಳಿ ಬಳದಿದ್ರು, ಹೌದು.

ಸೈಟ್ ಇಂಜಿನಿಯರ್: ಹಂಗಿದ್ರ ಉಸುಕಿನ ಮ್ಯಾಲೇ ಎಲ್ಲಾ ಹೊರಸಾಕ ಬರಂಗಿಲ್ಲ. ಹೊರಗಿನ ಗ್ವಾಡಿಗೆ 1:5 ಸಾಕು. ಸಿಮೆಂಟ್ ಜಾಸ್ತಿ ಆದಷ್ಟು ಕುಗ್ಗೋದೂ ಜಾಸ್ತಿ, ಅದರಾಗ ಏಪ್ರಿಲ್ ಬಿಸಿಲು, ದಿನಕ್ಕ ಒಂದೇ ಸಲ ನೀರು. ಪಿ ಸ್ಯಾಂಡಿನಾಗ ಪುಡಿ ಮಿತಿ ಮೀರಿದ್ರೂ ಹಿಂಥಾದ್ದೇ ಬಿರುಕು ಬರ್ತದ, ಅದೂ ಖರೇ. ಉಳಿದ ಉಸುಕು ಇದ್ರ ಡಬ್ಬಿಗೆ ಹಾಕಿ ನೋಡಬಹುದಿತ್ತು.

ಬೀದರ್‌ನಿಂದ ಒಬ್ಬರು: ಒಂದು ಬುಟ್ಟಿನೂ ಉಳದಿಲ್ರಿ. ಆದ್ರೂ ನನಗ ಉಸುಕಿನ ಮ್ಯಾಲೇ ಸಂಶಯ.

ಇನ್ನೊಬ್ಬರು (ಚಿತ್ತಾಪುರ): ಶಹಾಬಾದಿ ಫರಸಿ ಕೆಳಗ ಹಾಕಾಕ ಯಾವ ಉಸುಕು ಚೊಲೋ ಸರ್? ಮಣ್ಣು ಇದ್ರ ನಡೀತದೇನು?

ಸೈಟ್ ಇಂಜಿನಿಯರ್: ಇಲ್ಲಿ ಪ್ರಶ್ನೆ ಸ್ಲ್ಯಾಬ್, ಪ್ಲಾಸ್ಟರಿಂದು. ಇರ್ಲಿ, ಬರೇ ಭರ್ತಿಗೆ ಇಷ್ಟು ತಲಿ ಕೆಡಿಸಿಕೊಳ್ಳೋದು ಬ್ಯಾಡ. ಫರಸಿ ಕುಂದರಿಸೋ ಮಾಲಿಗೆ ಮಾತ್ರ ಸ್ವಚ್ಛ ಉಸುಕು ಬೇಕು, ಇಲ್ಲಾಂದ್ರ ಫರಸಿ ಬಿಟ್ಟುಕೊಂಡು ಟಣ್ ಟಣ್ ಅಂತದ.

ಪ್ರಶ್ನೆ ಕೇಳಿದವರು (ಮರುದಿನ): ಸರ್, ಮಾಡೀನಿ. ಉಪ್ಪಿನ ನೀರಿನಾಗ ನದಿ ಉಸುಕು 84 ಮಿ.ಮೀ., ಅದರ ಮ್ಯಾಲ ಮಣ್ಣು 10 ಮಿ.ಮೀ. ಎಂ ಸ್ಯಾಂಡ್ 88, ಮ್ಯಾಲ ಪುಡಿ 11. ಆರ್‌ಒ ನೀರಿನ ಡಬ್ಬಿದಾಗ ಎಂ ಸ್ಯಾಂಡಿನ ನೀರು ರಾತ್ರಿ ಊಟ ಆಗೋದ್ರಾಗ ತಿಳಿ ಆಗಿತ್ತು. ನದಿ ಉಸುಕಿಂದು ಮುಂಜಾನಿ ಎದ್ದು ನೋಡಿದ್ರೂ ಹಾಲು ಕಡಿಮಿ ಹಾಕಿದ ಚಹಾದಂಗ ಇತ್ತು.

ಸೈಟ್ ಇಂಜಿನಿಯರ್: ನದಿ ಉಸುಕು 10 ಭಾಗ 84, ಅಂದ್ರ ಹತ್ರ ಹತ್ರ ಶೇ. 12. ಎಂ ಸ್ಯಾಂಡ್ 11 ಭಾಗ 88, ಶೇ. 12.5. ನೋಡ್ರಿ, ಬರೇ ಅಂಕಿ ನೋಡಿದ್ರ ಎಂ ಸ್ಯಾಂಡೇ ಕೆಟ್ಟದ್ದು ಅನಸ್ತದ. ನೀರು ಉಲ್ಟಾ ಹೇಳ್ಲತ್ತದ.

ಇನ್ನೊಂದು ಸಣ್ಣ ಕೆಲಸ. ಎರಡೂ ಉಪ್ಪಿನ ಡಬ್ಬಿಯ ಮ್ಯಾಲಿನ ಪದರ ಚಮಚದಿಂದ ತಗದು ಸ್ಟೀಲ್ ತಾಟಿನಾಗ ಹರವಿ ಬಿಸಿಲಿಗೆ ಇಡ್ರಿ. ಆಮ್ಯಾಲ ಎರಡೂ ಗುಡ್ಡಿಯ ಉಸುಕು ಬ್ಯಾರೆ ಬ್ಯಾರೆ ತಗದು ತೂಕ ಮಾಡ್ರಿ, ಯಾಕಂದ್ರ ಉಪ್ಪಿನಿಂದ ಕೂಡಿದ ಮಣ್ಣು ಉಬ್ಬಿಕೊಂಡು ಕುಂದರ್ತದ, ಡಬ್ಬಿ ತೋರಸೋದು ಗಾತ್ರ, ತೂಕ ಅಲ್ಲ. ಉಸುಕು ಹಂಚಿನ ಮ್ಯಾಲ ಪೂರ್ತಿ ಒಣಗಿಸಿ 500 ಗ್ರಾಂ ತೂಗ್ರಿ. ಬಕೆಟಿಗೆ ಹಾಕಿ, ಉಸುಕಿನ ಮ್ಯಾಲ ನಾಕು ಬೆರಳು ನೀರು ನಿಲ್ಲುವಂಗ ಹಾಕಿ ಕಲಕ್ರಿ. ಮನಸಿನಾಗ ಹದಿನೈದು ಎಣಿಸಿ ಬಗ್ಗಡ ಚೆಲ್ರಿ. ಅಷ್ಟು ನಿಂತ್ರ ಉಸುಕು ಕೆಳಗ ಉಳೀತದ, ಮಣ್ಣು ನೀರಿನ ಜೋಡಿ ಹೋಗ್ತದ. ತಿಳಿ ನೀರು ಬರೋತನ ಮಾಡಿ, ಉಳಿದದ್ದು ಒಣಗಿಸಿ ಮತ್ತ ತೂಗ್ರಿ. ಲ್ಯಾಬಿನ ಜರಡಿಯಷ್ಟು ಕರಾರುವಾಕ್ ಅಲ್ಲ, ಆದ್ರ ನಿಮ್ಮ ನಿರ್ಧಾರಕ್ಕ ಸಾಕು.

ಪ್ರಶ್ನೆ ಕೇಳಿದವರು: ನದಿ ಉಸುಕು 470 ಗ್ರಾಂ ಉಳೀತು. ಎಂ ಸ್ಯಾಂಡ್ 449. ತಾಟಿನಾಗ ನದಿ ಉಸುಕಿನ ಮಣ್ಣು ಕೆರಿ ಬತ್ತಿದಂಗ ಬಿರುಕು ಬಿಟ್ಟು ಹಪ್ಪಳದಂಗ ಎದ್ದದ, ಮುರದ್ರ ಚಟ್ ಅಂತದ. ಎಂ ಸ್ಯಾಂಡಿಂದು ಬೆರಳು ಹಚ್ಚಿದ್ರ ಹಿಟ್ಟಿನಂಗ ಉದುರ್ತದ.

ಸೈಟ್ ಇಂಜಿನಿಯರ್: ಮುಗೀತು. ಎಂ ಸ್ಯಾಂಡಿನಾಗ 51 ಗ್ರಾಂ ಹೋಯ್ತು, ಶೇ. 10ರ ಮ್ಯಾಲ ಸ್ವಲ್ಪ. 15ರ ಒಳಗ ಅದ, ಅದೂ ಕಲ್ಲಿನ ಪುಡಿ. ಸ್ಲ್ಯಾಬಿಗೆ ಇಟ್ಕೊಳ್ರಿ. ನದಿ ಉಸುಕಿನಾಗ 30 ಗ್ರಾಂ, ಶೇ. 6. ಕಾಂಕ್ರೀಟಿಗೆ 3, ಪ್ಲಾಸ್ಟರಿಗೆ 5 ಗಡಿ, ಎರಡಕ್ಕೂ ಬರಲಿಲ್ಲ. ಅಂಗಡಿಯವ ತಗೊಂಡ್ರ ವಾಪಸ್, ಇಲ್ಲಾಂದ್ರ ತೊಳದೇ ಹಾಕಬೇಕು.

ಸ್ಲ್ಯಾಬ್ ದಿನ ಒಂದು ಎಚ್ಚರ. ಎಂ ಸ್ಯಾಂಡ್ ಒಣ ಇದ್ರ ನೀರು ಹೀರ್ತದ, ಮಾಲು ಬಿರುಸಾಗಿ ಗೌಂಡಿ ಪೈಪ್ ತಿರುವ್ತಾನ. ಹಿಂದಿನ ಸಂಜಿನೇ ಗುಡ್ಡಿ ತೋಯಿಸಿ ಮುಚ್ಚಿಡ್ರಿ. ಒಂದು ಚೀಲ ಸಿಮೆಂಟಿಗೆ ನೀರು 25 ಲೀಟರ್ ಆಸುಪಾಸು ಇರ್ಲಿ, ಉಸುಕು ಹಸಿ ಇದ್ದಷ್ಟು ಅದರಾಗಿಂದ ಕಡಿಮಿ ಮಾಡ್ರಿ. ಅಷ್ಟಕ್ಕ ಹದ ಬರಲಿಲ್ಲಾಂದ್ರ ಪ್ಲಾಸ್ಟಿಸೈಜರ್ ಹಾಕ್ಲಿ, ನೀರಲ್ಲ. ಮತ್ತ ಇದು ಈ ಒಂದು ಟಿಪ್ಪರಿನ ಲೆಕ್ಕ. ಕ್ವಾರಿ ಮ್ಯಾಲಿನ ಮೊರಂ ಸರಿಯಾಗಿ ತಗೀದೆ ಕಲ್ಲು ಹಾಕಿದ್ರ ಎಂ ಸ್ಯಾಂಡಿನಾಗೂ ಜೇಡಿ ಬರ್ತದ, ಆವಾಗ ಶೇ. 10 ಆದ್ರೂ ನಾ ಒಪ್ಪಂಗಿಲ್ಲ. ಮುಂದಿನ ಗಾಡಿಗೂ ಆರ್‌ಒ ನೀರಿನ ಡಬ್ಬಿ ಇಡ್ರಿ.

ಗೌಂಡಿ ಮೇಸ್ತ್ರಿ: ಸ್ಲ್ಯಾಬಿಂದು ಒಪ್ಪತೀನ್ರಿ. ಆದ್ರ ಒಳಗಿನ ಛತ್ತಿನ ಪ್ಲಾಸ್ಟರಿಗೆ ಪಿ ಸ್ಯಾಂಡ್ ಕೊಟ್ರ ಕರಣಿಯಿಂದ ಹೊಡದಿದ್ದರಾಗ ಅರ್ಧ ಕೆಳಗ ಬೀಳ್ತದ. ತೊಳದ ನದಿ ಉಸುಕೇ ಬೇಕು.

ಸೈಟ್ ಇಂಜಿನಿಯರ್: ಅರ್ಧ ಬೀಳಂಗಿಲ್ಲ ಅಣ್ಣಾ, 1:4 ಕಲಸಿ, ಛತ್ತಿಗೆ ಮೊದಲು ಹ್ಯಾಕಿಂಗ್ ಮಾಡಿ, 6 ಮಿ.ಮೀ. ತೆಳ್ಳಗ ಹೊಡದ್ರ ನಿಲ್ತದ. ನಾ ಮಾಡ್ಸೀನಿ. ಆದ್ರ ಕೈಗೆ ಹಗುರ ನದಿ ಉಸುಕೇ, ಅದು ಒಪ್ಪತೀನಿ.

ಗೌಂಡಿ ಮೇಸ್ತ್ರಿ: ನೀವು ಮಾಡ್ಸೀರಿ, ಹೊಡದವ್ರು ನಾವು.

ಪ್ರಶ್ನೆ ಕೇಳಿದವರು (ನಾಕು ದಿನದ ಮ್ಯಾಲ): ಅಂಗಡಿಯವ ವಾಪಸ್ ತಗೊಳ್ಳಿಲ್ಲ. ಡ್ರಮ್ಮಿನಾಗ ಎರಡು ಸಲ ನೀರು ಬದಲಿಸಿ ತೊಳಿಸ್ಲತ್ತೀನಿ. ಈಗ ಉಪ್ಪಿನ ಡಬ್ಬಿದಾಗ 86ಕ್ಕ 4 ಕುಂತದ, ಆರ್‌ಒ ನೀರು ಮುಂಜಾನಿಗೆ ಬಹುತೇಕ ತಿಳಿ. ಎಂ ಸ್ಯಾಂಡ್ ಗುಡ್ಡಿ ಮ್ಯಾಲ ತಾಡಪತ್ರಿ ಹಾಕೀನಿ, ಸೋಮವಾರ ಸ್ಲ್ಯಾಬ್. ಪ್ಲಾಸ್ಟಿಸೈಜರ್ ಒಂದು ಚೀಲಕ್ಕ ಎಷ್ಟು ಹಾಕಬೇಕ್ರಿ?

ಸೈಟ್ ಇಂಜಿನಿಯರ್: ಡಬ್ಬದ ಮ್ಯಾಲ ಬರದ ಅಳತಿ ನೋಡ್ರಿ, ಒಂದೊಂದು ಕಂಪನಿದು ಒಂದೊಂದು ಥರ. ಕಲಸೋ ನೀರಿನಾಗ ಹಾಕ್ರಿ, ಒಣ ಮಾಲಿನ ಮ್ಯಾಲ ಸುರೀಬ್ಯಾಡ್ರಿ.